ಡಬ್ಬಿಯ ಮೇಲಿನ ಚಿತ್ರವೂ ಒಂದು ಮಾತು

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಭೆಯಲ್ಲಿ ಆಡಿದ ಮಾತುಗಳನ್ನು ಬರಹಕ್ಕಿಳಿಸಿ ಕೊಡಬೇಕೆಂದು ಸಂಪಾದಕರು ಕೇಳಿದಾಗ ನನಗೆ ಒಂದು ತೊಡಕು ಎದುರಾಯಿತು. ಅಂದು ನನ್ನ ಕೈಯಲ್ಲಿ ಒಂದು ಖಾಲಿ ಡಬ್ಬಿ ಇತ್ತು. ಅದನ್ನು ಸಭಿಕರ ಕೈಗೆ ಕೊಟ್ಟು, ಒಬ್ಬರಿಂದ ಒಬ್ಬರಿಗೆ ದಾಟಿಸಲು ಹೇಳಿ, ಆಮೇಲೆ ಮಾತು ಆರಂಭಿಸಿದ್ದೆ. ಇಲ್ಲಿ ಅದನ್ನು ನಿಮ್ಮ ಕೈಗೆ ಕೊಡಲಾರೆ. ಆದ್ದರಿಂದ ಮೊದಲು ಅದು ಹೇಗಿತ್ತೆಂದು ಹೇಳುತ್ತೇನೆ. ದಯವಿಟ್ಟು ಒಂದು ಕ್ಷಣ ಅದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ.

ಬಿಳಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಅರವತ್ತು ಕ್ಯಾಪ್ಸೂಲ್. ಲೇಬಲ್ಲಿನ ಮೇಲ್ಭಾಗದಲ್ಲಿ ಒಂದು ಕೆಂಪು ಪ್ಲಸ್ ಗುರುತು. ಅದರ ಕೆಳಗೆ ಬಿಳಿ ಕೋಟು ತೊಟ್ಟು ಕೊರಳಲ್ಲಿ ಸ್ಟೆತಾಸ್ಕೋಪ್ ಹಾಕಿಕೊಂಡು ನಗುತ್ತಿರುವ ಒಬ್ಬರ ಚಿತ್ರ. ಪಕ್ಕದಲ್ಲಿ ಸಕ್ಕರೆ ಪರೀಕ್ಷೆಯ ಪುಟ್ಟ ಯಂತ್ರ, ಅದರಿಂದ ಕೆಳಮುಖವಾಗಿ ಇಳಿಯುವ ಹಸಿರು ಬಾಣ. ಬಲಮೂಲೆಯಲ್ಲಿ ಚಿನ್ನದ ಬಣ್ಣದ ಎರಡು ಮುದ್ರೆ. ಡಬ್ಬಿಯ ಹಿಂಭಾಗದಲ್ಲಿ ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು: ಇದು ಔಷಧೀಯ ಬಳಕೆಗಲ್ಲ.

ಈ ಡಬ್ಬಿ ನನ್ನ ಖಾಲಾ ಅವರದು. ಅವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೆಡಿಕಲ್ ಶಾಪಿನಲ್ಲಿ ತಮ್ಮ ಮಾತ್ರೆ ಕೊಳ್ಳುವಾಗಲೇ ಈ ಡಬ್ಬಿಯನ್ನೂ ಕೊಂಡರು. ಮನೆಯ ಗೂಡಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರು. ಸ್ವಲ್ಪ ದಿನ ಎರಡನ್ನೂ ನುಂಗಿದರು. ಆಮೇಲೆ, ಒಂದೇ ಕೆಲಸಕ್ಕೆ ಎರಡು ಮದ್ದು ಯಾಕೆಂದು, ಕಾಗದದ ಸ್ಟ್ರಿಪ್ಪಿನಲ್ಲಿದ್ದ ಸಾದಾ ಮಾತ್ರೆಯನ್ನು ಬಿಟ್ಟು ಡಬ್ಬಿಯ ಕ್ಯಾಪ್ಸೂಲನ್ನು ಉಳಿಸಿಕೊಂಡರು. ಎರಡು ತಿಂಗಳಾಗುವ ಹೊತ್ತಿಗೆ ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದರು. ರಕ್ತದ ಸಕ್ಕರೆ ನಾನೂರು ದಾಟಿತ್ತು. ಅಲ್ಲಾಹನ ಕೃಪೆಯಿಂದ ಕಾಲು ಉಳಿಯಿತು.

“ಖಾಲಾ, ಡಾಕ್ಟರನ್ನು ಕೇಳದೆ ಮಾತ್ರೆ ಯಾಕೆ ಬಿಟ್ಟಿರಿ?” ಎಂದು ಕೇಳಿದೆ. ಅವರು ಡಬ್ಬಿಯನ್ನು ತಿರುಗಿಸಿ ತೋರಿಸಿದರು. “ಇಲ್ಲಿ ಡಾಕ್ಟರೇ ನಿಂತಿದ್ದಾರಲ್ಲ ಬೇಟಿ. ಶುಗರ್ ಇಳಿಯುತ್ತದೆ ಅಂತ ಬಾಣ ಹಾಕಿದ್ದಾರೆ. ನನಗೆ ಓದಲು ಬರುವುದಿಲ್ಲ, ಇಷ್ಟಾದರೂ ತಿಳಿಯುವುದಿಲ್ಲವೇ?” ಎಂದರು.

ಅವರ ಓದು ತಪ್ಪಾಗಿರಲಿಲ್ಲ. ಆ ಚಿತ್ರಗಳು ಏನು ಹೇಳುತ್ತಿದ್ದವೋ ಅದನ್ನೇ ಅವರು ಓದಿದ್ದರು. ಅಕ್ಷರ ಬಲ್ಲವರಿಗಾಗಿ ಹಿಂಬದಿಯಲ್ಲಿ ಒಂದು ಸತ್ಯ, ಅಕ್ಷರ ಬಾರದವರಿಗಾಗಿ ಮುಂಬದಿಯಲ್ಲಿ ಇನ್ನೊಂದು ಮಾತು. ಲೇಬಲ್ಲಿನ ಮೇಲಿನ ಚಿತ್ರವೂ ಒಂದು ಮಾತು, ಮಾತಿನಷ್ಟೇ ಅದಕ್ಕೂ ಹೊಣೆ ಇದೆ ಎಂಬುದನ್ನೇ ನಾನು ಅಂದು ಹೇಳಿದ್ದು, ಇಂದೂ ಹೇಳುವುದು.

ಇದನ್ನು ಶಿಕ್ಷಕಿಯೊಬ್ಬಳು ಏಕೆ ಹೇಳಬೇಕು ಎಂದು ನೀವು ಕೇಳಬಹುದು. ನಮ್ಮ ಊರುಗಳಲ್ಲಿ ಇಂತಹ ಲೇಬಲ್‌ಗಳು ತಯಾರಾಗುವುದು ದೊಡ್ಡ ಕಂಪನಿಗಳಲ್ಲಿ ಮಾತ್ರವಲ್ಲ. ಬಸ್ ನಿಲ್ದಾಣದ ಹಿಂದಿನ ಡಿಟಿಪಿ ಅಂಗಡಿಯಲ್ಲಿ, ನಾವು ಪಾಠ ಹೇಳಿದ ಹುಡುಗರ ಕೈಯಲ್ಲಿ ಅವು ತಯಾರಾಗುತ್ತವೆ. ಕನ್ನಡ ಮತ್ತು ಉರ್ದು ಸಾಲುಗಳನ್ನು ತಿದ್ದಿಕೊಡಿ ಎಂದು ಅವರು ನಮ್ಮ ಬಳಿಗೇ ಬರುತ್ತಾರೆ. ಹಾಗೆ ನನ್ನ ಬಳಿ ಬಂದ ಒಂದು ಲೇಬಲ್ಲಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ.

ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಮನೆಗೆ ಬಂದ. ಅವನ ಅಣ್ಣ ನುಗ್ಗೆಸೊಪ್ಪಿನ ಪುಡಿಯ ಕ್ಯಾಪ್ಸೂಲುಗಳನ್ನು ಬೇರೊಂದು ಕಾರ್ಖಾನೆಯಲ್ಲಿ ಮಾಡಿಸಿ ತನ್ನ ಹೆಸರಿನಲ್ಲಿ ಮಾರಲು ಹೊರಟಿದ್ದ. ಲೇಬಲ್ ವಿನ್ಯಾಸ ತಮ್ಮನದು. “ಟೀಚರ್, ಉರ್ದು ಮಾತ್ರ ನೋಡಿಕೊಡಿ, ಉಳಿದದ್ದೆಲ್ಲ ರೆಡಿ ಇದೆ” ಎಂದು ಬಣ್ಣದ ಪ್ರಿಂಟನ್ನು ನನ್ನ ಮುಂದಿಟ್ಟ. ನೋಡಿದರೆ, ಹೆಚ್ಚುಕಡಿಮೆ ನನ್ನ ಖಾಲಾ ಅವರ ಡಬ್ಬಿಯೇ! ನಾನು ಆ ಖಾಲಿ ಡಬ್ಬಿಯನ್ನು ತಂದು ಅವನ ಪ್ರಿಂಟಿನ ಪಕ್ಕ ಇಟ್ಟೆ, ನಡೆದದ್ದನ್ನು ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೆಂಪು ಪೆನ್ನು ಹಿಡಿದು ಇಬ್ಬರೂ ಕುಳಿತೆವು.

ಮೊದಲು ವೈದ್ಯಕೀಯ ಗುರುತುಗಳು. ಅವನ ಲೇಬಲ್ಲಿನ ಎಡ ಮೇಲ್ಮೂಲೆಯಲ್ಲಿ ಆರ್‌ಎಕ್ಸ್ ಎಂಬ ಕೂಡಕ್ಷರ ಇತ್ತು. ಇದು “ತೆಗೆದುಕೋ” ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು, ವೈದ್ಯರು ಚೀಟಿಯ ತಲೆಯಲ್ಲಿ ಬರೆಯುವಂಥದು. ನಮ್ಮ ದೇಶದ ಔಷಧ ನಿಯಮಗಳ ಪ್ರಕಾರ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಲೇಬಲ್ಲಿನ ಎಡ ಮೇಲ್ಮೂಲೆಯಲ್ಲೇ ಇದು ಇರಬೇಕು. ಅಂದರೆ ಇದು ಅಲಂಕಾರವಲ್ಲ, ಇದೊಂದು ಕಾನೂನಿನ ಎಚ್ಚರಿಕೆ. ಪಥ್ಯಪೂರಕ ಆಹಾರದ ಡಬ್ಬಿಯ ಮೇಲೆ, ಅದೂ ಅದೇ ಮೂಲೆಯಲ್ಲಿ ಇದನ್ನು ಇಟ್ಟರೆ ಆಹಾರಕ್ಕೆ ಔಷಧದ ವೇಷ ತೊಡಿಸಿದ ಹಾಗೆ.

ಅದರ ಮೇಲೆ, ಸುಂದರವಾದ ನಸ್ತಲೀಕ್ ಲಿಪಿಯಲ್ಲಿ, ಹುವಶ್ಶಾಫಿ ಎಂದಿತ್ತು. ಶಮನ ನೀಡುವವನು ಅವನೇ ಎಂಬ ಅರ್ಥದ ಈ ಮಾತನ್ನು ನಮ್ಮ ಹಕೀಮರು ನುಸ್ಖಾ ಬರೆಯುವ ಮೊದಲು ಕಾಗದದ ತಲೆಯಲ್ಲಿ ಬರೆಯುತ್ತಾರೆ. ಅದು ವೈದ್ಯನ ವಿನಯ. ಗುಣಪಡಿಸುವುದು ನಾನಲ್ಲ ಎಂದು ಅವನು ಹೇಳಿಕೊಳ್ಳುವ ಮಾತು. ಆದರೆ ಅದೇ ಮಾತು ಮಾರಾಟದ ಡಬ್ಬಿಯ ಮೇಲೆ ಬಂದಾಗ ಕೆಲಸ ತಿರುವುಮುರುವಾಗುತ್ತದೆ. ನೋಡಿದವರಿಗೆ ಇದು ಹಕೀಮರು ಕೊಟ್ಟ ದವಾ ಎಂದೇ ತೋರುತ್ತದೆ. ಕೊನೆಗೆ ಡಬ್ಬಿ ಕಸದ ತೊಟ್ಟಿಗೆ ಹೋಗುವಾಗ ಆ ಹೆಸರೂ ಅದರ ಜೊತೆಗೇ ಹೋಗುತ್ತದೆ. “ಇದನ್ನು ಗೌರವದಿಂದ ತೆಗೆಯೋಣ” ಎಂದೆ. ಅವನು ಒಪ್ಪಿದ.

ಕೆಂಪು ಪ್ಲಸ್ಸಿನ ವಿಷಯದಲ್ಲಿ ಅವನಿಗೆ ಆಶ್ಚರ್ಯವಾಯಿತು. ಅದು ಎಲ್ಲರೂ ಬಳಸುವ ಆಸ್ಪತ್ರೆಯ ಗುರುತು ಎಂದೇ ಅವನು ತಿಳಿದಿದ್ದ. ವಾಸ್ತವವಾಗಿ ಬಿಳಿ ನೆಲದ ಮೇಲಿನ ಕೆಂಪು ಶಿಲುಬೆ ಯುದ್ಧಭೂಮಿಯ ಗುರುತು. ಗಾಯಾಳುಗಳನ್ನು ಹೊತ್ತೊಯ್ಯುವವರ ಮೇಲೆ ಗುಂಡು ಹಾರಿಸಬೇಡಿ ಎಂದು ಹೇಳಲು 1864ರ ಜಿನೀವಾ ಒಪ್ಪಂದದಲ್ಲಿ ಅದನ್ನು ಗೊತ್ತುಮಾಡಿದರು. 1876ರಲ್ಲಿ ತುರ್ಕಿಯ ಉಸ್ಮಾನಿ ಸರ್ಕಾರ ಅದೇ ಕೆಲಸಕ್ಕೆ ಕೆಂಪು ಅರ್ಧಚಂದ್ರವನ್ನು ಬಳಸತೊಡಗಿತು. ಮುಂದೆ ಅದಕ್ಕೂ ಸಮಾನ ಮಾನ್ಯತೆ ದೊರೆಯಿತು. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯಿದೆಯು ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಈ ಎರಡನ್ನೂ ವ್ಯಾಪಾರಕ್ಕೆ ಬಳಸುವುದನ್ನು ನಿಷೇಧಿಸಿದೆ.

“ಹಾಗಾದರೆ ಪ್ಲಸ್ ತೆಗೆದು ಕೆಂಪು ಚಾಂದ್ ಹಾಕುತ್ತೇನೆ ಟೀಚರ್, ನಮ್ಮವರಿಗೆ ಇಷ್ಟವಾಗುತ್ತದೆ” ಎಂದು ಅವನು ಹೇಳುವುದರಲ್ಲಿದ್ದ. ಆದ್ದರಿಂದಲೇ ನಾನು ಎರಡನ್ನೂ ಸೇರಿಸಿ ಹೇಳಿದೆ. ಆ ಚಂದ್ರ ಯಾವ ಸಮುದಾಯದ ಅಂಗಡಿಯ ಗುರುತೂ ಅಲ್ಲ. ಎಲ್ಲೋ ಯುದ್ಧದ ನಡುವೆ ಆಂಬ್ಯುಲೆನ್ಸ್ ಓಡಿಸುವವನ ಪ್ರಾಣ ಆ ಗುರುತಿನ ಮೇಲೆ ನಿಂತಿದೆ. ಕಂಡಕಂಡ ಸರಕಿನ ಮೇಲೆ ಅಂಟಿಸಿದಷ್ಟೂ ಅದರ ಬೆಲೆ ಇಳಿಯುತ್ತದೆ. ಹಸಿರು ಅಥವಾ ನೀಲಿ ಪ್ಲಸ್ ಹಾಕಿದರೆ ಆ ಕಾಯಿದೆಯ ಕೈಯಿಂದ ತಪ್ಪಿಸಿಕೊಳ್ಳಬಹುದು, ಆದರೆ ಖಾಲಾ ಅಂಥವರ ಕಣ್ಣಿಗೆ ಅದು ಹೇಳುವುದು ಅದೇ ಮಾತು. ಕೋಲಿಗೆ ಸುತ್ತಿಕೊಂಡ ಹಾವಿನ ಚಿತ್ರವೂ ಹಾಗೆಯೇ. ಒಂದು ಹಾವಿನ ಕೋಲು ಗ್ರೀಕರ ವೈದ್ಯದೇವತೆಯದು, ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿ ಇರುವುದು ಅದೇ. ರೆಕ್ಕೆ ಇರುವ ಎರಡು ಹಾವಿನ ಕೋಲು ವರ್ತಕರ ದೇವತೆಯದು. ಹುಡುಗ ಹಾಕಿದ್ದು ಎರಡು ಹಾವಿನದು! ಅವನು ನಕ್ಕು ಅದನ್ನೂ ಹೊಡೆದುಹಾಕಿದ.

ಬಿಳಿ ಕೋಟಿನವರ ಚಿತ್ರ ಉಳಿಯಿತು. ಅದು ಇಂಟರ್‌ನೆಟ್ಟಿನಲ್ಲಿ ಸಿಗುವ ಯಾರೋ ರೂಪದರ್ಶಿಯ ಫೋಟೋ, ಅವರು ವೈದ್ಯರೋ ಅಲ್ಲವೋ ದೇವರೇ ಬಲ್ಲ. ಆಹಾರ ಪದಾರ್ಥದ ಲೇಬಲ್ಲಿನಲ್ಲಿ ವೈದ್ಯರು ಶಿಫಾರಸು ಮಾಡಿದ್ದಾರೆ ಎಂಬ ಮಾತನ್ನಾಗಲಿ, ಹಾಗೆಂದು ಸೂಚಿಸುವ ಮಾತನ್ನಾಗಲಿ ನಮ್ಮ ಆಹಾರ ನಿಯಮಗಳು ಒಪ್ಪುವುದಿಲ್ಲ. ಬಾಯಲ್ಲಿ ಹೇಳಬಾರದ್ದನ್ನು ಫೋಟೋದಿಂದ ಹೇಳಿಸಿದರೆ ಅದು ಸರಿಯಾಗುತ್ತದೆಯೇ?

ಇನ್ನು ಮುದ್ರೆಗಳಿಗೆ ಬರೋಣ. ಅವನ ಲೇಬಲ್ಲಿನಲ್ಲಿ ಐದು ಇದ್ದವು. ಪ್ರತಿಯೊಂದಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಯಾರು ಕೊಟ್ಟರು, ಅವರ ಕಾಗದ ಎಲ್ಲಿದೆ?

ಮೊದಲನೆಯದು ಎಫ್‌ಎಸ್‌ಎಸ್‌ಎಐ ಗುರುತು ಮತ್ತು ಅದರ ಕೆಳಗಿನ ಹದಿನಾಲ್ಕು ಅಂಕೆಯ ಸಂಖ್ಯೆ. ಇದು ಇರಲೇಬೇಕಾದದ್ದು. ಆದರೆ ಆ ಸಂಖ್ಯೆ 2ರಿಂದ ಆರಂಭವಾಗಿತ್ತು. ಮೊದಲ ಅಂಕೆ 1 ಇದ್ದರೆ ಅದು ಪರವಾನಗಿ, 2 ಇದ್ದರೆ ಚಿಕ್ಕ ವ್ಯಾಪಾರದ ನೋಂದಣಿ. ಮುಂದಿನ ಎರಡು ಅಂಕೆ ರಾಜ್ಯದ್ದು, ನಮ್ಮ ಕರ್ನಾಟಕಕ್ಕೆ 12. ಕೇಂದ್ರದ ಪರವಾನಗಿಯಾದರೆ ಆ ಜಾಗದಲ್ಲಿ ಎರಡು ಸೊನ್ನೆ. ನನಗೆ ಅನುಮಾನ ಬಂತು. foscos.fssai.gov.in ಎಂಬ ಸರ್ಕಾರಿ ತಾಣದಲ್ಲಿ ಸಂಖ್ಯೆ ಕೊಟ್ಟು ಹುಡುಕಿದೆವು. ಅದು ಒಂದು ಬೇಕರಿಯದ್ದು! ಹುಡುಗ ಹಳೆಯ ಖಾರಾ ಪ್ಯಾಕೆಟ್ಟಿನ ಫೈಲನ್ನು ತೆರೆದು, ಮೇಲಿನದನ್ನು ಅಳಿಸಿ, ಅದರ ಮೇಲೆಯೇ ಹೊಸ ಲೇಬಲ್ ಮಾಡಿದ್ದ. ಮೋಸದ ಉದ್ದೇಶ ಅವನಿಗೆ ಇರಲಿಲ್ಲ. ಆದರೆ ಅದು ಹಾಗೆಯೇ ಅಚ್ಚಾಗಿದ್ದರೆ ಸುಳ್ಳು ಪರವಾನಗಿಯೇ ಆಗುತ್ತಿತ್ತು. ಕಾರ್ಖಾನೆಯ ಪರವಾನಗಿಯ ಪ್ರತಿ ತರಿಸಿ, ಅಂಕೆಗಳನ್ನು ಇಬ್ಬರೂ ಒಂದೊಂದಾಗಿ ಓದಿ ಹಾಕಿದೆವು. ಅದರ ಪಕ್ಕದಲ್ಲಿದ್ದ “ಅನುಮೋದಿತ” ಎಂಬ ಪದವನ್ನು ತೆಗೆದೆವು. ಆ ಸಂಖ್ಯೆ ಹೇಳುವುದು ಈ ತಯಾರಕನಿಗೆ ಪರವಾನಗಿ ಇದೆ ಎಂದಷ್ಟೇ. ಈ ಕ್ಯಾಪ್ಸೂಲ್ ಒಳ್ಳೆಯದು ಎಂದು ಯಾರೂ ಹರಸಿದ್ದಾರೆ ಎಂದಲ್ಲ.

ಎರಡನೆಯದು ಚಿನ್ನದ ವರ್ತುಲದಲ್ಲಿ ಐಎಸ್‌ಒ ಎಂಬ ಅಕ್ಷರ. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಮಾನದಂಡಗಳನ್ನು ಬರೆಯುತ್ತದೆ, ತಾನೇ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಪ್ರಮಾಣಪತ್ರ ಕೊಡುವುದು ಬೇರೆ ಸಂಸ್ಥೆಗಳು. ಕಾರ್ಖಾನೆಯ ಬಳಿ ಐಎಸ್‌ಒ 9001ರ ನಿಜವಾದ ಕಾಗದ ಇತ್ತು. ಆದರೆ ಆ 9001 ಕಾರ್ಖಾನೆಯ ಆಡಳಿತ ಕ್ರಮಕ್ಕೆ ಸಂಬಂಧಿಸಿದ್ದು, ಕ್ಯಾಪ್ಸೂಲಿನ ಗುಣಕ್ಕಲ್ಲ. ಅದಕ್ಕಾಗಿಯೇ ಅಂಥ ಪ್ರಮಾಣಪತ್ರದ ಮುದ್ರೆಯನ್ನು ಸರಕಿನ ಪ್ಯಾಕಿನ ಮೇಲೆ ಹಾಕಬಾರದೆಂಬ ನಿಯಮವಿದೆ. ಇದನ್ನು ಮಕ್ಕಳಿಗೆ ಹೇಳುವುದಾದರೆ, ಶಾಲೆಯ ಹಾಜರಿ ಪುಸ್ತಕ ಚೆನ್ನಾಗಿದೆ ಎಂಬ ಪತ್ರವನ್ನು ಹುಡುಗನ ಅಂಕಪಟ್ಟಿಗೆ ಅಂಟಿಸಿದ ಹಾಗೆ. ಪತ್ರ ನಿಜ, ಅಂಟಿಸಿದ ಜಾಗ ಸುಳ್ಳು.

ಮೂರನೆಯದು ಅಮೆರಿಕದ ಎಫ್‌ಡಿಎ ಹೆಸರಿನ ನೀಲಿ ಮುದ್ರೆ. ಅಮೆರಿಕದಲ್ಲಿ ಮಾರುವ ಪೂರಕ ಆಹಾರಗಳಿಗೇ ಆ ಇಲಾಖೆ ಮುಂಗಡ ಅನುಮೋದನೆ ಕೊಡುವ ಪದ್ಧತಿ ಇಲ್ಲ. ಇಲ್ಲದ ಅನುಮೋದನೆಗೆ ಮುದ್ರೆ ಎಲ್ಲಿಂದ ಬಂತು? ಅದು ಉಚಿತ ಚಿತ್ರಗಳ ತಾಣದಿಂದ ಬಂದಿತ್ತು. ನೀವು ಇಂಥ ಮುದ್ರೆಯನ್ನು ಗುರುತಿಸುವುದು ಕಷ್ಟವಲ್ಲ. ನಿಜವಾದ ಗುರುತಿನ ಜೊತೆ ಒಂದು ಸಂಖ್ಯೆಯೋ ಕೊಟ್ಟವರ ಹೆಸರೋ ಇರುತ್ತದೆ, ಅದನ್ನು ಹಿಡಿದು ಕೇಳಲು ಒಂದು ಬಾಗಿಲು ಇರುತ್ತದೆ. ಕೊಟ್ಟವರ ಹೆಸರೂ ಇಲ್ಲದೆ, ಸಂಖ್ಯೆಯೂ ಇಲ್ಲದೆ, ಬರೀ ಹೊಳಪು ಮತ್ತು ನಕ್ಷತ್ರ ಮಾತ್ರ ಇದ್ದರೆ ಅದು ಅಲಂಕಾರ.

ನಾಲ್ಕನೆಯದು ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಅಂದರೆ ಸಸ್ಯಾಹಾರದ ಗುರುತು. ಐದನೆಯದು ಅರಬ್ಬಿ ಅಕ್ಷರದಲ್ಲಿ ಹಲಾಲ್ ಎಂಬ ಗುಂಡು ಮುದ್ರೆ. ಈ ಎರಡನ್ನೂ ಒಟ್ಟಿಗೆ ಹೇಳಬೇಕು, ಏಕೆಂದರೆ ಎರಡರ ಕೀಲಿಯೂ ಒಂದೇ ಕಡೆ ಇತ್ತು. ಒಳಗಿನ ಪುಡಿ ಸೊಪ್ಪಿನದೇ ನಿಜ. ಹೊರಗಿನ ಚಿಪ್ಪು ಯಾವುದರದು? ಕಾರ್ಖಾನೆಗೆ ಫೋನ್ ಮಾಡಿದರೆ ಜೆಲಾಟಿನ್ ಎಂದರು. ಜೆಲಾಟಿನ್ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತಯಾರಾಗುವ ಪದಾರ್ಥ. ಗ್ರಾಹಕರು ಚಿಪ್ಪನ್ನು ಸುಲಿದು ತಿನ್ನುವುದಿಲ್ಲವಲ್ಲ. ಆದ್ದರಿಂದ ಈ ಡಬ್ಬಿಗೆ ಹಸಿರು ಚುಕ್ಕೆ ಸಲ್ಲದು, ಕಂದು ಚೌಕದೊಳಗಿನ ಕಂದು ತ್ರಿಕೋನ ಇರಬೇಕು. ಹಸಿರು ಚುಕ್ಕೆ ನೋಡಿ ಕೊಂಡ ಲಿಂಗಾಯತ, ಜೈನ ನೆರೆಯವರಿಗೆ ಅದು ದ್ರೋಹವಾಗುತ್ತಿತ್ತು. ಯಾವ ಪ್ರಾಣಿಯ ಜೆಲಾಟಿನ್ ಎಂದು ಕೇಳಿದಾಗ ಫೋನಿನಲ್ಲಿ ಉತ್ತರ ಬರಲಿಲ್ಲ. ಮೂಲವೇ ತಿಳಿಯದ ಪದಾರ್ಥಕ್ಕೆ ನಾವೇ ಕುಳಿತು ಹಲಾಲ್ ಎಂದು ಬರೆದರೆ ನಮ್ಮವರಿಗೂ ಅದೇ ದ್ರೋಹ. ಅಣ್ಣನಿಗೆ ವಿಷಯ ಮುಟ್ಟಿತು. ಅವರು ಸಸ್ಯದ ಸೆಲ್ಯುಲೋಸ್‌ನಿಂದ ಮಾಡಿದ ಚಿಪ್ಪನ್ನು ಕೇಳಿದರು. ಒಂದು ಡಬ್ಬಿಗೆ ಕೆಲವು ರೂಪಾಯಿ ಹೆಚ್ಚು ಬಿತ್ತು. ಹಸಿರು ಚುಕ್ಕೆ ಈಗ ನಿಜವಾಯಿತು. ಹಲಾಲ್ ಮುದ್ರೆಯನ್ನು ಮಾತ್ರ ತೆಗೆದೇಬಿಟ್ಟೆವು. ಪ್ರಮಾಣ ಕೊಡುವವರು ಪರಿಶೀಲಿಸಿ ಕೊಟ್ಟ ದಿನ ಅವರ ಹೆಸರಿನೊಂದಿಗೆ ಹಾಕಬಹುದು.

ಮೂರನೆಯ ವಿಷಯ, ಚಿತ್ರದಲ್ಲಿ ಹೇಳಿದ ಗುಣಗಳು. ಸಕ್ಕರೆ ಯಂತ್ರ ಮತ್ತು ಕೆಳಮುಖದ ಬಾಣದ ವಿಷಯದಲ್ಲಿ ಚರ್ಚೆಗೆ ಎಡೆಯೇ ಇರಲಿಲ್ಲ. 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯಂತೆ ಯಾವ ಆಹಾರವೂ ರೋಗವನ್ನು ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವಂತಿಲ್ಲ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ 1954ರ ಕಾಯಿದೆಯಲ್ಲಿ ಮಧುಮೇಹದ ಹೆಸರು ಪಟ್ಟಿಯಲ್ಲೇ ಇದೆ. ಆ ಕಾಯಿದೆಯ ಪ್ರಕಾರ ಲೇಬಲ್ಲು, ಸುತ್ತುವ ಕಾಗದ ಎಲ್ಲವೂ ಜಾಹೀರಾತೇ. ಡಬ್ಬಿಗೆ ಇಟ್ಟಿದ್ದ ಹೆಸರಿನಲ್ಲಿ ಶಿಫಾ ಎಂಬ ಪದ ಇತ್ತು. ಉರ್ದು ಕಲಿಸುವವಳಾಗಿ ನಾನು ಅದನ್ನು ಬಿಡಲಾರೆ. ಗಿಜಾ ಎಂದರೆ ಆಹಾರ, ದವಾ ಎಂದರೆ ಔಷಧ, ಶಿಫಾ ಎಂದರೆ ಗುಣವಾಗುವುದು. ಮೊದಲನೆಯದನ್ನು ಡಬ್ಬಿಯಲ್ಲಿ ತುಂಬಿ ಮೂರನೆಯದರ ಹೆಸರಿಡುವುದು ಭಾಷೆಯಲ್ಲೂ ತಪ್ಪು.

ಇನ್ನೊಂದು ಚಿತ್ರ ಹೆಚ್ಚು ಜಾಣತನದ್ದು. ತಕ್ಕಡಿಯ ಒಂದು ತಟ್ಟೆಯಲ್ಲಿ ಪಾಲಕ್ ಸೊಪ್ಪಿನ ರಾಶಿ, ಇನ್ನೊಂದರಲ್ಲಿ ಒಂದೇ ಕ್ಯಾಪ್ಸೂಲ್, ಕ್ಯಾಪ್ಸೂಲಿನ ಕಡೆ ತಕ್ಕಡಿ ವಾಲಿದೆ. ಪಾಲಕ್‌ಗಿಂತ 25 ಪಟ್ಟು ಕಬ್ಬಿಣ ಎಂದು ಬರಹ. “ಇದು ಸುಳ್ಳಲ್ಲ ಟೀಚರ್, ಎಲ್ಲ ಕಡೆ ಹೀಗೇ ಬರೆದಿದ್ದಾರೆ” ಎಂದ ಹುಡುಗ. ಸರಿ, ಲೆಕ್ಕ ಮಾಡೋಣ ಎಂದೆ. ಕಾರ್ಖಾನೆಯ ಪ್ರಯೋಗಾಲಯದ ವರದಿಯಂತೆ ಒಣಗಿದ ನುಗ್ಗೆಸೊಪ್ಪಿನ 100 ಗ್ರಾಂ ಪುಡಿಯಲ್ಲಿ 28 ಮಿಲಿಗ್ರಾಂ ಕಬ್ಬಿಣ. ಒಂದು ಕ್ಯಾಪ್ಸೂಲಿನಲ್ಲಿ ಅರ್ಧ ಗ್ರಾಂ ಪುಡಿ, ದಿನಕ್ಕೆ ಎರಡು ಕ್ಯಾಪ್ಸೂಲ್, ಅಂದರೆ ಒಂದು ಗ್ರಾಂ. ಹಾಗಾದರೆ ದಿನಕ್ಕೆ ಸಿಗುವ ಕಬ್ಬಿಣ 0.28 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ನೂರರಲ್ಲಿ ಒಂದು ಪಾಲಿಗೂ ಸ್ವಲ್ಪ ಕಡಿಮೆ!

ತಕ್ಕಡಿಯ ಮೋಸ ಎಲ್ಲಿದೆ ಎಂದು ನೀವು ಈಗಾಗಲೇ ಕಂಡಿರಬಹುದು. ಒಂದು ಕಡೆ ನೀರಿನಂಶ ತುಂಬಿದ ಹಸಿ ಸೊಪ್ಪು, ಇನ್ನೊಂದು ಕಡೆ ನೀರೆಲ್ಲ ಆರಿದ ಪುಡಿ. ಜೊತೆಗೆ 100 ಗ್ರಾಂ ಪುಡಿಯ ಅಂಕಿಯನ್ನು ಅರ್ಧ ಗ್ರಾಂ ಕ್ಯಾಪ್ಸೂಲಿನ ಚಿತ್ರದ ಪಕ್ಕ ಇಟ್ಟದ್ದು. 100 ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ ಸುಮಾರು 4.5 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಒಂದು ಪಾಲಿಗೆ 50 ಗ್ರಾಂ ಸೊಪ್ಪು ಹಾಕಿ ಪಲ್ಯ ಮಾಡಿದರೂ ಆ ದಿನದ ಎರಡು ಕ್ಯಾಪ್ಸೂಲಿಗಿಂತ ಎಂಟು ಪಟ್ಟು ಹೆಚ್ಚು ಕಬ್ಬಿಣ ತಟ್ಟೆಗೆ ಬರುತ್ತದೆ. ವರದಿಯ ಅಂಕಿ ನಿಜವಿದ್ದರೂ ಚಿತ್ರ ಸುಳ್ಳಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗಣಿತದ ಪುಸ್ತಕದಲ್ಲೂ ಸಿಕ್ಕಿಲ್ಲ. ರಕ್ತಹೀನತೆ ಇರುವ ಹುಡುಗಿಯ ತಾಯಿ ಆ ತಕ್ಕಡಿಯನ್ನು ನಂಬಿ, ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ಬೇಡ ಎಂದರೆ ಏನು ಗತಿ?

ಹಿಂಬದಿಯಲ್ಲಿ ಎಚ್ಚರಿಕೆ ಬರೆದರೆ ಮುಂಬದಿಯ ಚಿತ್ರ ಮನ್ನಾ ಆಗುವುದಿಲ್ಲವೇ ಎಂದು ಹುಡುಗ ಕೇಳಿದ. ಇದಕ್ಕೆ ಉತ್ತರವಾಗಿ ದೇಶವೇ ನೋಡಿದ ಒಂದು ಪ್ರಕರಣ ಇದೆ. ಭೇದಿಯಾದ ಮಕ್ಕಳಿಗೆ ಕೊಡುವ ಓಆರ್‌ಎಸ್ ಪುಡಿ ನಿಮಗೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್ ಮತ್ತು 7 ಗ್ರಾಂ ಲವಣಗಳು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆದರೆ ಸಕ್ಕರೆ ಬಹಳ ಹೆಚ್ಚಿದ್ದ ಹಣ್ಣಿನ ರುಚಿಯ ಪಾನೀಯಗಳು ತಮ್ಮ ಹೆಸರಿನಲ್ಲಿ ಓಆರ್‌ಎಸ್ ಎಂಬ ಅಕ್ಷರಗಳನ್ನು ಸೇರಿಸಿಕೊಂಡು ಮೆಡಿಕಲ್ ಶಾಪಿನಲ್ಲಿ ಮಾರಾಟವಾಗುತ್ತಿದ್ದವು. ಸಕ್ಕರೆ ಅತಿಯಾದರೆ ಕರುಳು ಇನ್ನಷ್ಟು ನೀರನ್ನು ಎಳೆದುಕೊಂಡು ಭೇದಿ ಹೆಚ್ಚುತ್ತದೆ. ಇದು ಆ ಸೂತ್ರದ ಓಆರ್‌ಎಸ್ ಅಲ್ಲ ಎಂಬ ಸಾಲನ್ನು ಬರೆದು ಹೆಸರನ್ನು ಉಳಿಸಿಕೊಳ್ಳಲು 2022ರ ಜುಲೈನಲ್ಲಿ ಅನುಮತಿ ದೊರೆತಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್ 14ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಆ ಅನುಮತಿಯನ್ನೇ ಹಿಂತೆಗೆದುಕೊಂಡಿತು. ದೊಡ್ಡ ಅಕ್ಷರದ ಸುಳ್ಳನ್ನು ಚಿಕ್ಕ ಅಕ್ಷರದ ಸತ್ಯ ತೊಳೆಯಲಾರದು ಎಂಬುದೇ ಅದರ ತಾತ್ಪರ್ಯ.

ಕೆಂಪು ಪೆನ್ನಿನ ಕೆಲಸ ಮುಗಿದಾಗ ಲೇಬಲ್ ಬೋಳಾಗಿತ್ತು. “ಏನೂ ಉಳಿಯಲಿಲ್ಲ ಟೀಚರ್, ಇದನ್ನು ಯಾರು ಕೊಳ್ಳುತ್ತಾರೆ?” ಎಂದ. ಉಳಿದದ್ದನ್ನು ಎಣಿಸೋಣ ಎಂದೆ. ನುಗ್ಗೆ ಗಿಡ ಉಳಿದಿತ್ತು. ಅವನೇ ತಮ್ಮ ಹಿತ್ತಿಲಿನ ಮರದ ಒಂದು ರೆಂಬೆಯನ್ನು ಬಿಳಿ ಹಾಳೆಯ ಮೇಲಿಟ್ಟು ಫೋಟೋ ತೆಗೆದ. ಅದರ ಸಣ್ಣ ಗುಂಡು ಎಲೆಗಳು ಚೆನ್ನಾಗಿ ಬಂದವು. ಪಕ್ಕದಲ್ಲಿ ಕ್ಯಾಪ್ಸೂಲಿನ ಚಿತ್ರ, ನಿಜವಾದ ಅಳತೆಯಲ್ಲಿ. ಹೆಸರಿನ ಜಾಗದಲ್ಲಿ ಮೂರು ಭಾಷೆಯಲ್ಲಿ ನುಗ್ಗೆಸೊಪ್ಪಿನ ಪುಡಿಯ ಕ್ಯಾಪ್ಸೂಲ್ ಎಂದು. ಅದರ ಕೆಳಗೇ, ಹಿಂಬದಿಯಲ್ಲಲ್ಲ, ಆರೋಗ್ಯ ಪೂರಕ, ಔಷಧೀಯ ಬಳಕೆಗಲ್ಲ ಎಂಬ ಸಾಲು. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಯುವುದು ಕಡ್ಡಾಯ, ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ. ಆದ್ದರಿಂದ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದೆವು. ಉರ್ದುವಿನಲ್ಲಿ ನಾನು ಬರೆದುಕೊಟ್ಟದ್ದು ಸರಳ ವಾಕ್ಯ: ಯೆ ಗಿಜಾ ಹೈ, ದವಾ ನಹೀ.

ಹಿಂಬದಿಯಲ್ಲಿ ಒಂದು ಪುಟ್ಟ ಕೋಷ್ಟಕ. ದಿನಕ್ಕೆ ಎರಡು ಕ್ಯಾಪ್ಸೂಲ್, ಅದರಲ್ಲಿ ಏನೇನು ಎಷ್ಟೆಷ್ಟು, 100 ಗ್ರಾಮಿನ ಲೆಕ್ಕವಲ್ಲ, ನುಂಗುವಷ್ಟರ ಲೆಕ್ಕ. ಆಮೇಲೆ, ಹೇಳಿದ ಪ್ರಮಾಣ ಮೀರಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ, ಇದು ದಿನನಿತ್ಯದ ಊಟಕ್ಕೆ ಬದಲಿಯಲ್ಲ ಎಂಬ ಮಾತುಗಳು. ಇವು ನಿಯಮವೇ ಕೇಳುವ ಮಾತುಗಳು. ಒಂದು ಸಾಲು ಮಾತ್ರ ಯಾರೂ ಕೇಳದೆ ನಾವೇ ಸೇರಿಸಿದ್ದು: ವೈದ್ಯರು ಕೊಟ್ಟ ಮಾತ್ರೆಯನ್ನು ಇದಕ್ಕಾಗಿ ಬಿಡಬೇಡಿ.

ಅಚ್ಚಿಗೆ ಹೋಗುವ ಮುನ್ನ ಒಂದು ಪರೀಕ್ಷೆ ಮಾಡಿದೆವು. ಲೇಬಲ್ಲಿನ ಅಕ್ಷರಗಳನ್ನೆಲ್ಲ ಅಳಿಸಿ ಬರೀ ಚಿತ್ರ ಮತ್ತು ಬಣ್ಣ ಇರುವ ಪ್ರಿಂಟನ್ನು ಖಾಲಾ ಅವರ ಮುಂದಿಟ್ಟು, “ಇದೇನು ಹೇಳಿ” ಎಂದೆ. ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. “ನುಗ್ಗೆಸೊಪ್ಪು. ಅದನ್ನು ಗುಳಿಗೆ ಮಾಡಿದ್ದಾರೆ” ಎಂದರು. “ಯಾವ ಕಾಯಿಲೆಗೆ?” ಎಂದೆ. “ಅದನ್ನೇನೂ ಹೇಳಿಲ್ಲವಲ್ಲ” ಎಂದರು. ಈ ಪರೀಕ್ಷೆಗೆ ಖರ್ಚಿಲ್ಲ. ಓದು ಬಾರದ ಒಬ್ಬ ಹಿರಿಯರು ಮತ್ತು ಹತ್ತು ನಿಮಿಷ ಸಾಕು. ಅಕ್ಷರ ಅಳಿಸಿದ ಮೇಲೂ ಚಿತ್ರ ಒಂದು ಕಾಯಿಲೆಯ ಹೆಸರು ಹೇಳುತ್ತಿದ್ದರೆ ಆ ಚಿತ್ರವನ್ನು ತೆಗೆಯಬೇಕು.

ಹೊಸ ಡಬ್ಬಿ ಅಂಗಡಿಗಳಲ್ಲಿ ಹೇಗೆ ಹೋಗುತ್ತಿದೆ ಎಂದು ನೀವು ಕೇಳಿದರೆ, ಹಳೆಯ ವಿನ್ಯಾಸದಷ್ಟು ಬೇಗ ಹೋಗುವುದಿಲ್ಲ ಎನ್ನುತ್ತಾನೆ ಹುಡುಗ. ಕೆಲವು ಮೆಡಿಕಲ್ ಶಾಪಿನವರು ಪ್ಲಸ್ ಇಲ್ಲದ ಡಬ್ಬಿಯನ್ನು ಮುಂದಿನ ಗೂಡಿನಲ್ಲಿ ಇಡಲು ಒಪ್ಪಲಿಲ್ಲವಂತೆ. ಅವನ ಅಣ್ಣ ಈಗ ಅದನ್ನು ಕಿರಾಣಿ ಅಂಗಡಿಗಳಲ್ಲಿ, ಜೇನು ಮತ್ತು ರಾಗಿ ಹಿಟ್ಟಿನ ಪಕ್ಕ ಇಡಿಸುತ್ತಿದ್ದಾರೆ. ಯೋಚಿಸಿದರೆ, ಅದರ ಸರಿಯಾದ ಜಾಗ ಅದೇ. ಆಹಾರ ಆಹಾರದ ಪಕ್ಕದಲ್ಲಿದೆ.

ಖಾಲಾ ಅವರ ಗೂಡಿನಲ್ಲಿ ಈಗ ಮಾತ್ರೆಯ ಸ್ಟ್ರಿಪ್ ಒಂದೇ ಇದೆ. ಆ ಖಾಲಿ ಡಬ್ಬಿ ನನ್ನ ತರಗತಿಯ ಕಪಾಟಿನಲ್ಲಿದೆ. ಮಕ್ಕಳು ಮನೆಯಿಂದ ಇನ್ನಷ್ಟು ಡಬ್ಬಿಗಳನ್ನು ತಂದು ಅದರ ಪಕ್ಕ ಸಾಲಾಗಿ ಇಡುತ್ತಿದ್ದಾರೆ. ನಿಮ್ಮ ಮನೆಯ ಗೂಡಿನಲ್ಲೂ ಒಂದು ಇರಬಹುದು. ಇಂದು ಅದನ್ನು ಕೈಗೆತ್ತಿಕೊಂಡು, ಓದದೆ, ಒಮ್ಮೆ ಸುಮ್ಮನೆ ನೋಡಿ.